ತೀ, ವೀ ಮತ್ತು ನಮ್ಮ ಏಕವಚನ

ರಷ್ಯನ್ ಭಾಷೆಯಲ್ಲಿ ಎದುರಿಗಿರುವ ಒಬ್ಬರನ್ನು ಮಾತನಾಡಿಸಲು ಎರಡು ಸರ್ವನಾಮಗಳಿವೆ: ತೀ ಮತ್ತು ವೀ. ಅಲ್ಲಿಯ ಸ್ವರ ನಮ್ಮ ‘ಈ’ಕಾರವೇ ಅಲ್ಲ. ನಾಲಗೆಯನ್ನು ತುಸು ಹಿಂದಕ್ಕೆಳೆದುಕೊಂಡು ‘ಇ’ಗೂ ‘ಉ’ಗೂ ನಡುವಿನ ಒಂದು ಎಡೆಯಿಂದ ಅದನ್ನು ನುಡಿಯಬೇಕು. ಸದ್ಯಕ್ಕೆ ನಮ್ಮ ಲಿಪಿಯಲ್ಲಿ ಇಷ್ಟು ಸಾಕು. ತೀ ಏಕವಚನ, ವೀ ಬಹುವಚನ, ಗೌರವಕ್ಕೂ ಅದೇ. ಇದನ್ನು ಕೇಳಿದೊಡನೆ ಕನ್ನಡಿಗನಿಗೆ ಸಮಾಧಾನವೆನಿಸುತ್ತದೆ. ನಮ್ಮಲ್ಲಿ ನೀನು ಇದೆ, ನೀವು ಇದೆ. ಒಂದಕ್ಕೆ ಒಂದು ಸರಿಹೊಂದಿತು, ಇನ್ನೇನು ಬೇಕು? ಪಾಪ, ಒಂದೇ ಸರ್ವನಾಮವನ್ನು ಇಟ್ಟುಕೊಂಡಿರುವ ಇಂಗ್ಲಿಷಿನವರು ಪರದಾಡಲಿ, ಅವರಿಗಿಲ್ಲದ ಅನುಕೂಲ ನಮಗಿದೆ ಎನಿಸುತ್ತದೆ.

ಅನುಕೂಲವಿರುವುದು ನಿಜ. ಆದರೆ ರಷ್ಯನ್ ಕಾದಂಬರಿಯ ಒಂದು ಅಧ್ಯಾಯವನ್ನು ಮೂಲದಿಂದಲೇ ಕನ್ನಡಕ್ಕೆ ತರಲು ಕುಳಿತವರಿಗೆ ಎರಡನೆಯ ಪುಟದಲ್ಲೇ ಸಂಶಯ ಹುಟ್ಟುತ್ತದೆ. ತೀ ಇದ್ದಲ್ಲೆಲ್ಲ ನೀನು, ವೀ ಇದ್ದಲ್ಲೆಲ್ಲ ನೀವು ಎಂದು ಬರೆದರೆ ಕೆಲವು ಕಡೆ ಕನ್ನಡದ ಕಿವಿಗೆ ಮುಳ್ಳು ತಾಗಿದಂತಾಗುತ್ತದೆ. ಕಿವಿಗೆ ಹಿತವಾಗಲೆಂದು ಬದಲಾಯಿಸಿದರೆ ಕತೆಯ ಒಂದು ಎಳೆಯೇ ಕಡಿದುಹೋಗುತ್ತದೆ. ಈ ಇಕ್ಕಟ್ಟು ಎಲ್ಲಿಂದ ಬರುತ್ತದೆ, ಅದರಿಂದ ಪಾರಾಗುವ ದಾರಿ ಯಾವುದು ಎಂಬುದಷ್ಟೇ ಈ ಹೊತ್ತಿನ ನನ್ನ ಮಾತಿನ ವಿಷಯ.

ಮೊದಲು ಎರಡು ನುಡಿಗಟ್ಟುಗಳನ್ನು ನೋಡೋಣ. ಇಬ್ಬರು ಜಗಳವಾಡುತ್ತ ಮಾತು ಮೀರಿದಾಗ ನಾವು ‘ಏಕವಚನಕ್ಕಿಳಿದರು’ ಎನ್ನುತ್ತೇವೆ. ಇಳಿದರು ಎಂಬ ಆ ಕ್ರಿಯಾಪದವನ್ನು ಗಮನಿಸಬೇಕು. ನಮಗೆ ಬಹುವಚನ ಮೇಲಿದೆ, ಏಕವಚನ ಕೆಳಗಿದೆ. ನಡುವೆ ಇರುವುದು ಮೆಟ್ಟಿಲು. ರಷ್ಯನ್ನರು ಇಂಥ ಸಂದರ್ಭದಲ್ಲಿ ‘ತೀ ಕಡೆಗೆ ದಾಟಿದರು’ ಎನ್ನುತ್ತಾರೆ. ಅದು ಜಗಳದ ಮಾತಲ್ಲ, ಬಹುಮಟ್ಟಿಗೆ ಸ್ನೇಹದ ಮಾತು. ಪರಿಚಿತರು ಗೆಳೆಯರಾದಾಗ, ಪ್ರೇಮಿಗಳು ಮನಸ್ಸು ಬಿಚ್ಚಿದಾಗ ಹೀಗೆ ದಾಟುತ್ತಾರೆ. ಕೆಲವರು ಅದಕ್ಕೆಂದೇ ತೋಳಿಗೆ ತೋಳು ಹೆಣೆದು ಬಟ್ಟಲೆತ್ತುವುದೂ ಉಂಟು. ಅವರ ಕಲ್ಪನೆಯಲ್ಲಿ ತೀ ಮತ್ತು ವೀಗಳ ನಡುವೆ ಇರುವುದು ಮೆಟ್ಟಿಲಲ್ಲ, ಹೊಸ್ತಿಲು. ಒಳಗಿನವರು ತೀ, ಹೊರಗಿನವರು ವೀ.

ಹಾಗೆಂದು ನಮ್ಮಲ್ಲಿ ಒಳಗಿನ ನೀನು ಇಲ್ಲವೆಂದಲ್ಲ. ತಾಯಿಯನ್ನು ನೀನು ಎನ್ನುತ್ತೇವೆ, ದೇವರನ್ನೂ ನೀನು ಎನ್ನುತ್ತೇವೆ. ರಷ್ಯನ್ನರೂ ತಮ್ಮ ಪ್ರಾರ್ಥನೆಯಲ್ಲಿ ದೇವರನ್ನು ತೀ ಎಂದೇ ಕರೆಯುತ್ತಾರೆ. ಅವರಲ್ಲಿ ಮೆಟ್ಟಿಲು ಇರಲಿಲ್ಲವೆಂದೂ ಅಲ್ಲ. ಒಬ್ಬರಿಗೆ ವೀ ಎನ್ನುವ ಸಂಪ್ರದಾಯ ಪಶ್ಚಿಮ ಯೂರೋಪಿನ ಮಾದರಿಯನ್ನು ಅನುಸರಿಸಿ ಅಲ್ಲಿ ನೆಲೆಯೂರಿದ್ದೇ ಹದಿನೆಂಟನೆಯ ಶತಮಾನದಲ್ಲಿ. ಅದಕ್ಕೆ ಮುಂಚೆ ತ್ಸಾರನನ್ನೂ ತೀ ಎನ್ನುತ್ತಿದ್ದರು. ಆಮೇಲೆ ಒಡೆಯ ಆಳನ್ನು ತೀ ಎಂದು ಕರೆದು ತಾನು ವೀ ಎನಿಸಿಕೊಳ್ಳುವ ಪದ್ಧತಿಯೂ ಬೆಳೆಯಿತು. ಎರಡು ಭಾಷೆಗಳಲ್ಲೂ ಎರಡು ಅಳತೆಗೋಲುಗಳಿವೆ. ರಷ್ಯನ್ನಿನಲ್ಲಿ ದೂರ-ಹತ್ತಿರದ ಕೋಲು ಉದ್ದ, ನಮ್ಮಲ್ಲಿ ಮೇಲು-ಕೆಳಗಿನ ಕೋಲು ಉದ್ದ. ತೊಡಕಿನ ಮೂಲ ಅಲ್ಲಿದೆ.

ಈ ತೊಡಕು ತೀರ ನಿಚ್ಚಳವಾಗಿ ಕಾಣುವುದು ಟಾಲ್‌ಸ್ಟಾಯ್‌ನ ‘ಆನ್ನಾ ಕರೇನಿನ’ದಲ್ಲಿ. 1875ರಿಂದ 1877ರವರೆಗೆ ಒಂದು ಮಾಸಪತ್ರಿಕೆಯಲ್ಲಿ ಬಿಡಿಬಿಡಿಯಾಗಿ ಬಂದ ಈ ಕಾದಂಬರಿಯ ಕತೆ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಆನ್ನಾಳ ಗಂಡ ಕರೇನಿನ್ ಪೀಟರ್ಸ್‌ಬರ್ಗಿನ ದೊಡ್ಡ ಅಧಿಕಾರಿ. ಹೆಂಡತಿಗಿಂತ ಬಹಳ ಹಿರಿಯ, ನಡೆನುಡಿಯಲ್ಲಿ ಶುಷ್ಕ. ಹೀಗಿದ್ದರೂ ಗಂಡಹೆಂಡಿರು ಪರಸ್ಪರ ತೀ ಎನ್ನುತ್ತಾರೆ. ಆ ದಾಂಪತ್ಯದಲ್ಲಿ ಪ್ರೀತಿ ತುಂಬಿ ತುಳುಕುತ್ತಿದೆಯೆಂದಲ್ಲ. ಗಂಡಹೆಂಡಿರು ಹೊಸ್ತಿಲ ಒಳಗಿನವರು, ಅಷ್ಟೇ.

ಇದನ್ನು ಕನ್ನಡಕ್ಕೆ ತರುವಾಗ ನಮ್ಮ ಲೇಖನಿ ತಾನಾಗಿ ಏನು ಮಾಡುತ್ತದೆ? ಕರೇನಿನ್‌ನ ಬಾಯಲ್ಲಿ ನೀನು, ಆನ್ನಾಳ ಬಾಯಲ್ಲಿ ನೀವು. ನಮ್ಮ ಮಧ್ಯಮ ವರ್ಗದ ಮನೆಗಳ ವಾಡಿಕೆ ಅದು. ‘ರೀ’ ಎಂದು ಕರೆಯುವ ಹೆಂಡತಿ ನೀನು ಎಂದಾಳೆಯೆ? ಕನ್ನಡದ ಓದುಗನಿಗೆ ಇದರಲ್ಲಿ ಒಂದಿಷ್ಟೂ ಅಸಹಜತೆ ಕಾಣುವುದಿಲ್ಲ. ಮೊದಲ ನೂರಿನ್ನೂರು ಪುಟಗಳವರೆಗೆ ಎಲ್ಲವೂ ಸುಗಮವಾಗಿ ಸಾಗುತ್ತದೆ.

ಆಮೇಲೆ ಕುದುರೆಪಂದ್ಯದ ದಿನ ಬರುತ್ತದೆ. ಪ್ರಿಯಕರ ವ್ರೋನ್‌ಸ್ಕಿ ಕುದುರೆಯ ಮೇಲಿಂದ ಬಿದ್ದಾಗ ಆನ್ನಾ ತನ್ನ ಕಳವಳವನ್ನು ಬಚ್ಚಿಡಲಾರದೆ ಹೋಗುತ್ತಾಳೆ. ನೆರೆದ ಜನರೆಲ್ಲ ನೋಡುತ್ತಾರೆ. ಹಿಂದಿರುಗುವಾಗ ಗಾಡಿಯಲ್ಲಿ ಕರೇನಿನ್ ಅವಳ ನಡತೆಯನ್ನು ಆಕ್ಷೇಪಿಸುತ್ತಾನೆ. ಆಗ ಅವಳು ಎಲ್ಲವನ್ನೂ ಒದರಿಬಿಡುತ್ತಾಳೆ: ತಾನು ಪ್ರೀತಿಸುವುದು ಬೇರೊಬ್ಬನನ್ನು, ಗಂಡನನ್ನು ಕಂಡರೆ ಭಯ, ದ್ವೇಷ ಎಂದು. ಆ ಮಾತುಗಳಲ್ಲಿ ಅವಳು ಗಂಡನನ್ನು ತೀ ಎನ್ನುವುದಿಲ್ಲ, ವೀ ಎನ್ನುತ್ತಾಳೆ. ಎಂಟು ವರ್ಷ ಒಟ್ಟಿಗೆ ಬಾಳಿದವನನ್ನು ಒಂದೇ ಉಸಿರಿನಲ್ಲಿ ಹೊಸ್ತಿಲಾಚೆಗೆ ನಿಲ್ಲಿಸುತ್ತಾಳೆ. ದ್ವೇಷವೆಂಬ ಮಾತಿಗಿಂತ ಈ ವೀ ಹೆಚ್ಚು ನೋಯಿಸುವಂಥದು ಎಂದು ನನಗನಿಸುತ್ತದೆ.

ಕತೆ ಅಲ್ಲಿಗೂ ನಿಲ್ಲುವುದಿಲ್ಲ. ನಾಲ್ಕನೆಯ ಭಾಗದಲ್ಲಿ ಹೆರಿಗೆಯ ನಂತರ ಆನ್ನಾ ಸಾವಿನ ಅಂಚಿನಲ್ಲಿ ಮಲಗಿರುತ್ತಾಳೆ. ಜ್ವರದ ಕನವರಿಕೆಯಲ್ಲಿ ಗಂಡನನ್ನು ಹತ್ತಿರ ಕರೆದು ಕ್ಷಮೆ ಬೇಡುತ್ತಾಳೆ. ಅಲ್ಲಿ ಮತ್ತೆ ತೀ. ಒಳಗಿನಿಂದ ಹೊರಗೆ ತಳ್ಳಿದವನನ್ನು ಒಂದು ಗಳಿಗೆಗೆ ತಿರುಗಿ ಒಳಗೆ ಕರೆದುಕೊಂಡಳು. ರಷ್ಯನ್ ಓದುಗ ಈ ಏರಿಳಿತವನ್ನು ಯಾರ ವಿವರಣೆಯೂ ಇಲ್ಲದೆ, ಬಹುಶಃ ತನಗೇ ಅರಿವಾಗದಂತೆ, ಸರ್ವನಾಮದಿಂದಲೇ ತಿಳಿದುಕೊಳ್ಳುತ್ತಾನೆ.

ಮೊದಲಿನಿಂದ ನೀವು ಎನ್ನುತ್ತ ಬಂದ ನಮ್ಮ ಕನ್ನಡದ ಆನ್ನಾ ಗಾಡಿಯಲ್ಲಿ ಏನು ಮಾಡಬೇಕು? ನೀವು ಎಂದೇ ಮುಂದುವರಿದರೆ ಓದುಗನಿಗೆ ಏನೂ ಆಗಲಿಲ್ಲ. ಸಿಟ್ಟಿಗೆದ್ದ ಹೆಂಡತಿ ಎಂದು ಭಾವಿಸಿ ನೀನು ಎನ್ನಿಸಿದರೆ ಅರ್ಥ ತಲೆಕೆಳಗಾಯಿತು: ಅವಳು ದೂರ ಸರಿಯುವ ಗಳಿಗೆ ನಮ್ಮಲ್ಲಿ ‘ಏಕವಚನಕ್ಕಿಳಿಯುವ’ ಜಗಳವಾಯಿತು. ರೋಗಶಯ್ಯೆಯಲ್ಲಂತೂ ತಿರುಗಿ ಬರಲು ದಾರಿಯೇ ಇಲ್ಲ. ಮುಂದೆ ಬೇಕಾಗುವ ನಾಣ್ಯವನ್ನು ನಾವು ಮೊದಲ ಪುಟಗಳಲ್ಲೇ ಖರ್ಚು ಮಾಡಿದ್ದೇವೆ.

ಆದ್ದರಿಂದ ನನ್ನ ಅಭಿಪ್ರಾಯ ಇದು: ಆನ್ನಾ ಮೊದಲಿನಿಂದಲೂ ಗಂಡನನ್ನು ನೀನು ಎನ್ನಲಿ. ಓದುಗನ ಕಿವಿಗೆ ಹತ್ತಿಪ್ಪತ್ತು ಪುಟ ಒರಟೆನಿಸೀತು, ಎನಿಸಲಿ. ಅದೇನು ನಮ್ಮ ನೆಲದಲ್ಲಿ ಕೇಳದ ಮಾತೂ ಅಲ್ಲ. ಹಳೆಯ ಮೈಸೂರಿನ ಎಷ್ಟೋ ಒಕ್ಕಲು ಮನೆಗಳಲ್ಲಿ ಹೆಂಡತಿ ಗಂಡನನ್ನು ನೀನು ಎನ್ನುತ್ತಾಳೆ, ಅದರಿಂದ ಯಾರ ಮಾನವೂ ಹೋಗುವುದಿಲ್ಲ. ಒರಟುತನವನ್ನು ತಗ್ಗಿಸುವ ಉಪಾಯವೂ ಇದೆ. ಕನ್ನಡದಲ್ಲಿ ಕ್ರಿಯಾಪದವೇ ಕರ್ತೃವನ್ನು ಹೇಳುವುದರಿಂದ ನೀನು ಎಂಬ ಪದವನ್ನು ಪದೇಪದೇ ಬಳಸಬೇಕಾಗಿಲ್ಲ. ‘ಬಂದೆಯಾ’, ‘ಹೇಳು’ ಎಂದರೆ ಸಾಕು. ಆತ್ಮೀಯತೆ ಉಳಿಯುತ್ತದೆ, ಮುಳ್ಳು ಮೊಂಡಾಗುತ್ತದೆ. ಹೀಗೆ ಮಾಡಿದರೆ ಗಾಡಿಯ ದೃಶ್ಯದಲ್ಲಿ ‘ನೀವು’ ಎಂಬ ಪದ ಪೂರ್ಣರೂಪದಲ್ಲಿ, ಮೊಟ್ಟಮೊದಲ ಬಾರಿಗೆ ಅವಳ ಬಾಯಿಂದ ಹೊರಬೀಳುತ್ತದೆ. ಆಗ ಓದುಗ ಬೆಚ್ಚುತ್ತಾನೆ.

ಇದೇ ಕಾದಂಬರಿಯಲ್ಲಿ ಟಾಲ್‌ಸ್ಟಾಯ್ ಸರ್ವನಾಮದ ವಿಷಯವನ್ನು ತಾನೇ ಬಾಯಿಬಿಟ್ಟು ಹೇಳುವ ಎರಡು ಎಡೆಗಳಿವೆ. ಎರಡರಲ್ಲೂ ಫ್ರೆಂಚ್ ಭಾಷೆ ಬರುತ್ತದೆ. ಒಂದು, ವ್ರೋನ್‌ಸ್ಕಿ ಆನ್ನಾಳನ್ನು ತೋಟದಲ್ಲಿ ಕಾಣಲು ಬಂದಾಗ. ಅವನು ಅವಳೊಡನೆ ಯಾವಾಗಲೂ ಫ್ರೆಂಚಿನಲ್ಲೇ ಮಾತನಾಡುತ್ತಾನೆ. ಕಾರಣ, ರಷ್ಯನ್ನಿನ ವೀ ಅವರಿಬ್ಬರ ನಡುವೆ ತೀರ ತಣ್ಣಗೆನಿಸುತ್ತದೆ. ತೀ ಎಂದರೆ ಯಾರಾದರೂ ಕೇಳಿಸಿಕೊಂಡಾರು, ಗುಟ್ಟು ಬಯಲಾದೀತು. ಇನ್ನೊಂದು, ಆನ್ನಾಳ ತಪ್ಪೊಪ್ಪಿಗೆಯ ಬಳಿಕ ಕರೇನಿನ್ ಅವಳಿಗೆ ಕಾಗದ ಬರೆಯುವಾಗ. ಸಂಬೋಧನೆಯಿಲ್ಲದೆ, ಫ್ರೆಂಚಿನಲ್ಲಿ, ಆ ಭಾಷೆಯ ಬಹುವಚನವನ್ನು ಬಳಸಿ ಬರೆಯುತ್ತಾನೆ. ರಷ್ಯನ್ನಿನ ವೀಗಿರುವ ಶೈತ್ಯ ಅದಕ್ಕಿಲ್ಲ ಎಂದು ಲೇಖಕನೇ ಹೇಳುತ್ತಾನೆ. ಪ್ರಿಯಕರನೂ ಗಂಡನೂ ಒಂದೇ ತೊಡಕಿನಿಂದ ನುಣುಚಿಕೊಳ್ಳಲು ಒಂದೇ ಪರಭಾಷೆಯ ಮರೆಹೊಕ್ಕಿದ್ದಾರೆ.

ನಾವು ಎಲ್ಲಿ ಮರೆಹೊಗಬೇಕು? ಫ್ರೆಂಚ್ ವಾಕ್ಯವನ್ನೇ ನಮ್ಮ ಲಿಪಿಯಲ್ಲಿ ಅಚ್ಚುಹಾಕಿ ಪ್ರಯೋಜನವಿಲ್ಲ. ಆದರೆ ನುಣುಚಿಕೊಳ್ಳುವ ವಿದ್ಯೆಯಲ್ಲಿ ಕನ್ನಡ ಯಾರಿಗೂ ಕಡಿಮೆಯಿಲ್ಲ. ಹಲವು ವರ್ಷಗಳ ನಂತರ ಭೇಟಿಯಾದ ಸಹಪಾಠಿ ಈಗ ದೊಡ್ಡ ಹುದ್ದೆಯಲ್ಲಿದ್ದಾನೆ. ನೀನು ಎನ್ನಬೇಕೋ ನೀವು ಎನ್ನಬೇಕೋ ತಿಳಿಯದು. ಆಗ ನಾವೇನು ಮಾಡುತ್ತೇವೆ? ‘ಯಾವಾಗ ಬಂದದ್ದು?’ ಎನ್ನುತ್ತೇವೆ. ‘ಊಟ ಆಯಿತೆ?’, ‘ಎಲ್ಲಿ ಇಳಿದುಕೊಂಡಿರುವುದು?’ ಎನ್ನುತ್ತೇವೆ. ಬಂದೆಯೂ ಇಲ್ಲ, ಬಂದಿರಿಯೂ ಇಲ್ಲ. ಭಾವನಾಮ ನಮ್ಮನ್ನು ಕಾಪಾಡುತ್ತದೆ. ಅತ್ತೆಯ ಮನೆಯಲ್ಲಿ ತನಗಿಂತ ಚಿಕ್ಕವನಾದ ಭಾವಮೈದುನನೊಂದಿಗೆ ಎಷ್ಟೋ ಅಳಿಯಂದಿರು ಈ ರೀತಿ ತಿಂಗಳುಗಟ್ಟಲೆ ಕಾಲ ಹಾಕಿದ್ದಾರೆ.

ವ್ರೋನ್‌ಸ್ಕಿಯ ಫ್ರೆಂಚಿಗೆ ಇದೇ ನಮ್ಮ ಕನ್ನಡ. ಕರೆಯದೆ ಬಂದುದಕ್ಕೆ ಅವನು ಕ್ಷಮೆ ಕೇಳುವಾಗ ‘ಕ್ಷಮಿಸು’ ಎಂದೂ ಬೇಡ, ‘ಕ್ಷಮಿಸಿ’ ಎಂದೂ ಬೇಡ, ‘ಕ್ಷಮೆಯಿರಲಿ’ ಎಂದರಾಯಿತು. ನೋಡದೆ ಇರಲಾಗಲಿಲ್ಲ ಎನ್ನುವಾಗ ಯಾರನ್ನು ಎಂಬುದನ್ನು ನುಂಗಿಬಿಡಬಹುದು. ಪ್ರೇಮಿಯೊಬ್ಬ ಕರ್ತೃಕರ್ಮಗಳನ್ನು ಬಿಟ್ಟು ಮಾತನಾಡಿದರೆ ಅದರಲ್ಲೊಂದು ಮೈಮರೆವು ಕೂಡ ಕಾಣುತ್ತದೆ. ಆದರೆ ಇದನ್ನು ನಾಲ್ಕಾರು ವಾಕ್ಯಗಳಿಗಿಂತ ಮುಂದೆ ಎಳೆಯಲಾಗದು. ಸಂಭಾಷಣೆ ಬೆಳೆದಂತೆ ಭಾವನಾಮಗಳು ಸಾಲುಗಟ್ಟಿ ನಗೆಗೀಡಾಗುತ್ತವೆ. ಲೇಖಕನ ವಿವರಣೆ ಬರುವ ಆ ಒಂದು ಎಡೆಯಲ್ಲಿ ಇದನ್ನು ಬಳಸಿ, ಮುಂದಕ್ಕೆ ನೀವು ಎಂದಿಟ್ಟುಕೊಳ್ಳುವುದೇ ಕ್ಷೇಮ.

ಕರೇನಿನ್‌ನ ಕಾಗದಕ್ಕಾದರೋ ನಮ್ಮಲ್ಲಿ ಹೇಳಿಮಾಡಿಸಿದ ಭಾಷೆಯೊಂದಿದೆ: ಕಚೇರಿಯ ಕನ್ನಡ. ‘ತಿಳಿಸಲಾಗಿದೆ’, ‘ನಿರೀಕ್ಷಿಸಲಾಗುತ್ತದೆ’, ‘ಮರಳುವುದು ಅಗತ್ಯವೆನಿಸಿದೆ’ ಎಂಬ ಆ ಕರ್ಮಣಿ ಪ್ರಯೋಗಗಳ ಸರಣಿಯಲ್ಲಿ ಬರೆಯುವವನೂ ಇಲ್ಲ, ಓದುವವರೂ ಇಲ್ಲ. ಕಡತಗಳ ನಡುವೆ ಬಾಳು ಸವೆಸಿದ ಆ ಮನುಷ್ಯ ಹೆಂಡತಿಗೆ ಬರೆಯುವಾಗಲೂ ಅದೇ ಧಾಟಿ ಹಿಡಿದರೆ ಪಾತ್ರಕ್ಕೂ ಒಪ್ಪುತ್ತದೆ, ಸರ್ವನಾಮದ ಕಾಟವೂ ತಪ್ಪುತ್ತದೆ. ಅಲ್ಲಿ ನೀವು ಎಂದು ನೇರವಾಗಿ ಬರೆದರೆ ಮಾತ್ರ ಕೆಟ್ಟಿತು. ಹೆಂಡತಿಗೆ ಗಂಡ ನೀವು ಎನ್ನುವುದು ನಮ್ಮ ಕಿವಿಗೆ ರಷ್ಯನ್ನರಿಗಿಂತಲೂ ಹೆಚ್ಚು ತಣ್ಣಗೆ. ಲೇಖಕ ಇಲ್ಲವೆಂದ ಶೈತ್ಯವನ್ನೇ ನಾವು ತಂದಿಟ್ಟಂತಾಗುತ್ತದೆ.

ಗಂಡಹೆಂಡಿರಲ್ಲದ ಇಬ್ಬರ ನಡುವೆ ಇದೇ ದಾಟುವಿಕೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ದಾಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯನ್ನು ತೆರೆಯಬೇಕು. 1866ರ ಕಾದಂಬರಿ ಅದು. ಕೊಲೆ ಮಾಡಿದ ವಿದ್ಯಾರ್ಥಿ ರಸ್ಕೋಲ್ನಿಕೊವ್. ಮನೆಯವರ ಹೊಟ್ಟೆಗಾಗಿ ಮೈ ಮಾರಿಕೊಳ್ಳಬೇಕಾಗಿ ಬಂದ ಹುಡುಗಿ ಸೋನ್ಯಾ. ಅವಳ ಕೋಣೆಗೆ ಮೊದಲ ಸಲ ಬಂದಾಗ ಅವನು ಅವಳನ್ನು ವೀ ಎಂದೇ ಮಾತನಾಡಿಸುತ್ತಾನೆ. ಅಂಥ ಹುಡುಗಿಯನ್ನು ಬೀದಿಯ ಯಾವನಾದರೂ ತೀ ಎಂದು ಕರೆಯಬಹುದಾಗಿದ್ದ ಕಾಲದಲ್ಲಿ ಇದು ದೊಡ್ಡ ಮಾತು. ಆಮೇಲೆ ಅವನು ಥಟ್ಟನೆ ಬಾಗಿ ಅವಳ ಪಾದಕ್ಕೆ ಮುತ್ತಿಡುತ್ತಾನೆ; ತಾನು ಬಾಗಿದ್ದು ಅವಳಿಗಲ್ಲ, ಮನುಷ್ಯರ ಸಮಸ್ತ ಸಂಕಟಕ್ಕೆ ಎನ್ನುತ್ತಾನೆ. ಆ ಮಾತಿನಲ್ಲಿ ಅವಳು ತೀ ಆಗಿದ್ದಾಳೆ. ಪಾದಕ್ಕೆ ಬಾಗಿದವನು ಏಕವಚನದಲ್ಲಿ ಮಾತನಾಡುತ್ತಾನೆ! ಮೆಟ್ಟಿಲಿನ ಲೆಕ್ಕದಲ್ಲಿ ಇದು ಬಿಡಿಸಲಾಗದ ಒಗಟು. ಹೊಸ್ತಿಲಿನ ಲೆಕ್ಕದಲ್ಲಿ ನೀರಿನಷ್ಟು ತಿಳಿ.

ಸೋನ್ಯಾ ಮಾತ್ರ ಇನ್ನೂ ವೀ ಎಂದೇ ಉಳಿಯುತ್ತಾಳೆ. ಮುಂದಿನ ಭಾಗದಲ್ಲಿ ಅವನು ಕೊಲೆಯನ್ನು ಅವಳಿಗೆ ತಿಳಿಸುತ್ತಾನೆ. ತನಗೆ ತಾನೇ ಇದೇನು ಮಾಡಿಕೊಂಡದ್ದು ಎಂದು ಅವಳು ಚೀರುವ ಮೊದಲ ಮಾತಿನಲ್ಲೂ ವೀ ಇದೆ. ಓಡಿಬಂದು ಕೊರಳಿಗೆ ಬೀಳುತ್ತಾಳೆ. ಕೆಲವೇ ಸಾಲುಗಳ ಬಳಿಕ, ಲೋಕದಲ್ಲಿ ಅವನಷ್ಟು ನಿರ್ಭಾಗ್ಯನಿಲ್ಲ ಎನ್ನುವಾಗ ಅವನು ತೀ ಆಗಿಬಿಟ್ಟಿದ್ದಾನೆ. ಎಲ್ಲಿಗೆ ಹೋದರೂ ಹಿಂದೆಯೇ ಬರುತ್ತೇನೆ ಎಂಬ ಮಾತನ್ನು ಅವಳು ಹೇಳುವುದು ಆ ತೀ ಬಂದ ಮೇಲೆ. ಕನ್ನಡದಲ್ಲಿ ಸೋನ್ಯಾಳಿಂದ ಉದ್ದಕ್ಕೂ ನೀವು ಎನ್ನಿಸಿ, ಅವನಿಂದ ಉದ್ದಕ್ಕೂ ನೀನು ಎನ್ನಿಸಿದರೆ ಏನಾಗುತ್ತದೆಂದು ಯೋಚಿಸಿ. ಅವಳು ವಿಧೇಯಳಾದ ಸೇವಕಿಯಾಗುತ್ತಾಳೆ, ಅವನು ಅನುಗ್ರಹಿಸುವ ಯಜಮಾನನಾಗುತ್ತಾನೆ. ಇಂಗ್ಲಿಷಿನ ಮೂಲಕ ಅನುವಾದಿಸುವವರಿಗೆ ಈ ಅಪಾಯ ಹೆಚ್ಚು. ಅಲ್ಲಿ ಸರ್ವನಾಮ ಒಂದೇ ಆದ್ದರಿಂದ ಯಾವುದೇ ಸುಳಿವು ಸಿಗುವುದಿಲ್ಲ, ಅನುವಾದಕ ತನ್ನ ಮನೆಯ ವಾಡಿಕೆಯಿಂದ ತುಂಬಿಕೊಳ್ಳುತ್ತಾನೆ.

ಮೂಲದಿಂದಲೇ ಮಾಡುವವರೂ ಒಂದು ಎಚ್ಚರ ವಹಿಸಬೇಕು. ರಷ್ಯನ್ನಿನಲ್ಲೂ ಸರ್ವನಾಮ ಬಿಟ್ಟುಹೋಗಬಹುದು. ಆಗ ಕ್ರಿಯಾಪದದ ಬಾಲವನ್ನು ನೋಡಬೇಕು. ವಿಧ್ಯರ್ಥದಲ್ಲಿ ‘ತ್ಯೆ’ ಎಂಬ ಪ್ರತ್ಯಯ ಅಂಟಿದ್ದರೆ ಅದು ವೀ; ಬೋಳಾಗಿದ್ದರೆ ತೀ; ನಮ್ಮ ‘ಬನ್ನಿ’, ‘ಬಾ’ ಇದ್ದಂತೆ. ಭೂತಕಾಲದಲ್ಲಿ ‘ಪ್ರಿಶೋಲ್’ ಎಂದರೆ ಬಂದೆ, ‘ಪ್ರಿಶ್ಲಿ’ ಎಂದರೆ ಬಂದಿರಿ. ನಾನು ಒಂದು ಅಧ್ಯಾಯವನ್ನು ಕೈಗೆತ್ತಿಕೊಳ್ಳುವ ಮುನ್ನ ಪೆನ್ಸಿಲು ಹಿಡಿದು ಅಂಚಿನಲ್ಲಿ ‘ಏ’, ‘ಬ’ ಎಂದು ಗುರುತು ಹಾಕುತ್ತ ಹೋಗುತ್ತೇನೆ. ಪುಟ ತಿರುಗಿಸಿದಂತೆ ಏ ಏ ಏ ಎಂದು ಸಾಲಾಗಿ ಬಂದು ಒಂದೆಡೆ ಬ ಎಂದಾದರೆ ಅಲ್ಲಿ ನಿಲ್ಲುತ್ತೇನೆ. ಆ ತಾವಿನಲ್ಲಿ ಕತೆ ತಿರುಗುತ್ತಿದೆ ಎಂದರ್ಥ.

ಮೆಟ್ಟಿಲೇ ಮುಖ್ಯವಾಗುವ ಕಡೆ ನಮಗೆ ಕಷ್ಟವಿಲ್ಲ. ತ್ಸಾರನ ಸೇನೆಯಲ್ಲಿ ಅಧಿಕಾರಿಗಳು ಸಿಪಾಯಿಗಳನ್ನು ತೀ ಎನ್ನುತ್ತಿದ್ದರು. ಸಿಪಾಯಿಗಳು ‘ಮಹಾಪ್ರಭು’ ಎಂಬಂಥ ಬಿರುದುಗಳಿಂದ ಉತ್ತರಿಸಬೇಕಾಗಿತ್ತು. 1917ರ ಮಾರ್ಚಿಯಲ್ಲಿ ಪೆಟ್ರೋಗ್ರಾಡಿನ ಸೋವಿಯೆತ್ ಹೊರಡಿಸಿದ ಒಂದನೆಯ ಆಜ್ಞೆ ಈ ಬಿರುದುಗಳನ್ನು ರದ್ದುಮಾಡಿತು; ಸಿಪಾಯಿಗಳನ್ನು ತೀ ಎಂದು ಕರೆಯುವುದನ್ನೂ ನಿಷೇಧಿಸಿತು. ಕ್ರಾಂತಿಯ ಕಾಗದದಲ್ಲಿ ಸರ್ವನಾಮಕ್ಕೊಂದು ಕಲಮು! ಇದನ್ನು ಕನ್ನಡಿಗನಿಗೆ ವಿವರಿಸಬೇಕಾಗಿಲ್ಲ. ‘ಏಕವಚನದಲ್ಲಿ ಕರೆಯಬಾರದು’ ಎಂದರೆ ನಮ್ಮ ಊರಿನ ಕೂಲಿಯವನಿಗೂ ಅದರ ಬೆಲೆ ಗೊತ್ತು. ಇಂಥ ಎಡೆಗಳಲ್ಲಿ ನೀನು ಎಂದು ನೇರವಾಗಿ, ಪೂರ್ತಿಯಾಗಿ ಬರೆಯಬೇಕು. ಎದುರು ಮಾತಿಗೆ ತಾವು ಎಂಬುದನ್ನು ಬಳಸಬಹುದು. ತಾವು ರಷ್ಯನ್ನಿನಲ್ಲಿಲ್ಲದ ಮೂರನೆಯ ಮೆಟ್ಟಿಲು. ಬಿರುದುಗಳ ಭಾರವನ್ನು ಅದರ ಮೇಲೆ ಹೊರಿಸಬಹುದು. ಬೇರೆ ಕಡೆ ಅದನ್ನು ಮುಟ್ಟದಿರುವುದು ಒಳ್ಳೆಯದು.

ಕೊನೆಯದಾಗಿ, ಮಧ್ಯಮ ಪುರುಷವನ್ನು ಗೆದ್ದೆವೆಂದುಕೊಂಡಾಗ ಪ್ರಥಮ ಪುರುಷ ಬಂದು ಕಾಡುತ್ತದೆ. ರಷ್ಯನ್ನಿನಲ್ಲಿ ‘ಒನ್’ ಎಂದರೆ ಅವನು; ಚಕ್ರವರ್ತಿಯಾದರೂ ಅವನೇ, ಗಾಡಿ ಹೊಡೆಯುವವನಾದರೂ ಅವನೇ. ಒಡೆಯನನ್ನು ಕುರಿತು ಸೇವಕರು ಮಾತ್ರ ಬಹುವಚನದಲ್ಲಿ ಮಾತನಾಡುವ ರೂಢಿ ಹತ್ತೊಂಬತ್ತನೆಯ ಶತಮಾನದಲ್ಲಿತ್ತು. ಯಜಮಾನರು ‘ಮಲಗಿದ್ದಾರೆ’ ಎಂದು ನಾವು ಹೇಳುವ ಹಾಗೆ. ಉಳಿದಂತೆ ಭೇದವಿಲ್ಲ. ನಮಗೆ ಅವನು, ಆತ, ಅವರು ಎಂದು ಮೂರಿವೆ, ಯಾವುದನ್ನಾದರೂ ಆರಿಸಲೇಬೇಕು. ನಿರೂಪಕನ ಮಾತಿನಲ್ಲಿ ಎಲ್ಲರಿಗೂ ಒಂದೇ ರೂಪವಿರಲಿ ಎಂದು ನನ್ನ ಸಲಹೆ. ಕರೇನಿನ್ ಹಿರಿಯ ಅಧಿಕಾರಿಯೆಂದು ಅವನಿಗೆ ಅವರು, ವ್ರೋನ್‌ಸ್ಕಿ ತರುಣನೆಂದು ಅವನಿಗೆ ಅವನು ಎಂದರೆ ಟಾಲ್‌ಸ್ಟಾಯ್ ಹಿಡಿಯದ ಪಕ್ಷವನ್ನು ಅನುವಾದಕ ಹಿಡಿದಂತಾಗುತ್ತದೆ.

ಆನ್ನಾಳ ಮಾತಿನಲ್ಲಂತೂ ಇದು ಇನ್ನೂ ಸೂಕ್ಷ್ಮ. ಗಂಡನ ಹೆಸರೂ ಅಲೆಕ್ಸೇಯ್, ಪ್ರಿಯಕರನ ಹೆಸರೂ ಅಲೆಕ್ಸೇಯ್. ಇಬ್ಬರೂ ತನ್ನ ಗಂಡಂದಿರೆಂದು ಅವಳಿಗೆ ಕನಸು ಬೀಳುತ್ತದೆ. ಆ ರೋಗಶಯ್ಯೆಯಲ್ಲಿ, ಇಬ್ಬರ ಹೆಸರೂ ಒಂದೇ ಆದ ವಿಧಿಯನ್ನು ನೆನೆದು ಅವಳು ಬೆರಗಾಗುತ್ತಾಳೆ. ಅವನು ಕ್ಷಮಿಸುತ್ತಾನೆ ಎಂದು ಕನವರಿಸುತ್ತಾಳೆ. ಯಾವ ಅವನು ಎಂದು ಕೇಳುವವರಿಗೆ ಅರೆಕ್ಷಣ ತಿಳಿಯಬಾರದು. ಕನ್ನಡದ ಹೆಂಡತಿ ಗಂಡನನ್ನು ಕುರಿತು ಅವರು ಎನ್ನುತ್ತಾಳೆ ಎಂಬ ನಮ್ಮ ಮರ್ಯಾದೆಯನ್ನು ಅಲ್ಲಿ ತಂದರೆ, ಅವಳಿಗೆ ಜ್ವರದಲ್ಲಿ ಬೇರ್ಪಡಿಸಲಾಗದೆ ಹೋದ ಇಬ್ಬರನ್ನು ನಮ್ಮ ವ್ಯಾಕರಣ ಬೇರ್ಪಡಿಸಿ ಮಂಚದ ಆಚೆಗೊಬ್ಬ ಈಚೆಗೊಬ್ಬನನ್ನು ನಿಲ್ಲಿಸಿಬಿಡುತ್ತದೆ. ಅಲ್ಲಿ ಇಬ್ಬರಿಗೂ ಅವನು ಎಂದೇ ಇರಬೇಕು.